16 ಬಗೆಯಿಂದ 4ಕ್ಕೆ: ಒಂದು ಸಣ್ಣ ಸೋಪು ಘಟಕ ತನ್ನ ಗ್ರಾಹಕರನ್ನು ಆರಿಸಿಕೊಂಡ ಪ್ರಕರಣ

ಹಿನ್ನೆಲೆ

ಅಕ್ಕ ತಮ್ಮ ಸೇರಿ ನಡೆಸುವ ಸಣ್ಣ ಸೋಪು ಘಟಕ ಇದು. ತಯಾರಿಕೆ ಅಕ್ಕನದು, ಮಾರಾಟ ತಮ್ಮನದು. ಜೊತೆಗೆ ಮೂವರು ಕೆಲಸಗಾರರು. ಲೆಕ್ಕ ಮತ್ತು ಮಾರಾಟದ ದಾಖಲೆ ನೋಡಿ ಸಲಹೆ ಕೊಡಿ ಎಂದು ನನ್ನನ್ನು ಕರೆದಿದ್ದರು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಯಾವುದೂ ಇಲ್ಲಿಲ್ಲ. ಗುರುತು ಸಿಗದ ಹಾಗೆ ಅಂಕಿಗಳನ್ನು ಬದಲಿಸಿ ದುಂಡಾಗಿಸಿದ್ದೇನೆ, ಒಂದಕ್ಕೊಂದರ ಪ್ರಮಾಣ ಮಾತ್ರ ಹಾಗೇ ಇದೆ. ಹಣದ ಮಾತು ಬಂದಲ್ಲೆಲ್ಲ ಅವರ ಒಂದು ಸಾಮಾನ್ಯ ಸೋಪಿನ ಮಾರಾಟ ಬೆಲೆಯನ್ನು 100 ಎಂದಿಟ್ಟುಕೊಳ್ಳಿ.

ಅವರು ಸೋಪು ಮಾಡುವ ವಿಧಾನ ಗೊತ್ತಿದ್ದರೆ ಮುಂದಿನದು ಸುಲಭ. ಎಣ್ಣೆಗಳಿಗೆ ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿ, ಕುದಿಸದೆ ಅಚ್ಚಿಗೆ ಹೊಯ್ಯುತ್ತಾರೆ. ಒಂದೆರಡು ದಿನ ಬಿಟ್ಟು ಕತ್ತರಿಸಿ ಹಲಗೆಯ ಮೇಲೆ ಒಣಗಲು ಇಡುತ್ತಾರೆ. ಎಣ್ಣೆ ಸೋಪಾಗುವ ಕೆಲಸ ಬಹುಪಾಲು ಆ ಮೊದಲ ದಿನಗಳಲ್ಲೇ ಮುಗಿದಿರುತ್ತದೆ. ಆದರೆ ಒಳಗಿನ ನೀರು ಆರಿ ಸೋಪು ಗಟ್ಟಿಯಾಗಲು 4ರಿಂದ 6 ವಾರ ಬೇಕು. ಅವಸರ ಮಾಡಿ ಹಸಿ ಸೋಪು ಮಾರಿದರೆ ಬಚ್ಚಲಲ್ಲಿ ಬೇಗ ಕರಗಿ ಲೋಳೆಯಾಗುತ್ತದೆ, ಕೊಂಡವರು ಮತ್ತೆ ಬರುವುದಿಲ್ಲ.

ಇವರು ಪೂರ್ತಿ 6 ವಾರ ಒಣಗಿಸುತ್ತಿದ್ದರು. ಹಲಗೆಗಳ ಮೇಲೆ ಒಟ್ಟು 3000 ಸೋಪಿಗೆ ಜಾಗ. ಒಂದೊಂದು ಜಾಗವೂ ಒಂದೂವರೆ ತಿಂಗಳು ಹಿಡಿದಿರುತ್ತದೆ ಎಂದರೆ ತಿಂಗಳಿಗೆ ಹೆಚ್ಚೆಂದರೆ 2000 ಸೋಪು. ಎಣ್ಣೆ ಬೇಕಾದಷ್ಟು ಸಿಗುತ್ತಿತ್ತು, ಕೆಲಸಗಾರರೂ ಇದ್ದರು. ಕೊರತೆ ಇದ್ದಿದ್ದು ಹಲಗೆಯ ಜಾಗಕ್ಕೆ ಮಾತ್ರ.

ಸಮಸ್ಯೆ

ನಾನು ನೋಡುವಾಗ ಅವರ ಬಳಿ 16 ಬಗೆಯ ಸೋಪು ಇತ್ತು. ಯಾರೋ ಕಾಫಿ ಪುಡಿ ಹಾಕಿದ್ದು ಕೇಳಿದರು, ಒಂದು ಬಗೆ ಸೇರಿತು. ಇನ್ಯಾರೋ ಇದ್ದಿಲಿನದು ಕೇಳಿದರು, ಇನ್ನೊಂದು ಸೇರಿತು. "ಸ್ನಾನ ಎಲ್ಲರೂ ಮಾಡ್ತಾರೆ ಅಲ್ವಾ, ಎಲ್ಲರೂ ನಮ್ಮ ಗ್ರಾಹಕರೇ" ಅನ್ನುವುದು ತಮ್ಮನ ಮಾತು.

ವರ್ಷಕ್ಕೆ 15,600 ಸೋಪು ಹೋಗುತ್ತಿತ್ತು, ಅಂದರೆ ತಿಂಗಳಿಗೆ ಸರಾಸರಿ 1300. ಆದರೆ ಆ ಸರಾಸರಿಯ ಒಳಗೆ ಬೇರೆಯೇ ಚಿತ್ರ ಇತ್ತು. ಉಡುಗೊರೆ ಕೊಡುವ ಕಾಲದ ಎರಡು ತಿಂಗಳು 3000ದ ಹತ್ತಿರ, ಉಳಿದ ಹತ್ತು ತಿಂಗಳು ಸಾವಿರವೂ ಇಲ್ಲ. ಮಾಡುವ ಶಕ್ತಿಗಿಂತ ಮಾರಾಟ ಕಡಿಮೆ. ಹಾಗಿದ್ದರೂ ಹಲಗೆಗಳು ಯಾವಾಗಲೂ ತುಂಬಿರುತ್ತಿದ್ದವು. ಜನ ಕೇಳಿದ ಬಗೆ ಮಾತ್ರ ಆ ಹೊತ್ತಿಗೆ ಇರುತ್ತಿರಲಿಲ್ಲ.

ದಾಸ್ತಾನು ಜಾಸ್ತಿ, ಕೇಳಿದ್ದು ಇಲ್ಲ. ಈ ಎರಡೂ ದೂರು ಒಟ್ಟಿಗೆ ಕೇಳಿಬಂದರೆ ನಾನು ಮೊದಲು ಅನುಮಾನ ಪಡುವುದು ಗ್ರಾಹಕರ ಆಯ್ಕೆಯನ್ನು. ಇದಕ್ಕೆ ಕಾರಣ ಬೇಡಿಕೆಯ ಕೊರತೆಯಲ್ಲ. ಬೇರೆ ಬೇರೆ ಬಗೆಯ ಬೇಡಿಕೆಗಳನ್ನೆಲ್ಲ ಒಂದೇ ಕೋಣೆಯಿಂದ ಪೂರೈಸಲು ಹೊರಟಾಗ ಹೀಗಾಗುತ್ತದೆ.

ಮೊದಲು ಮಾಡಿದ ವಿಂಗಡಣೆ

ನಾನು ಬರುವ ಮೊದಲೇ ತಮ್ಮನೇ ಗ್ರಾಹಕರ ಒಂದು ವಿಂಗಡಣೆ ಮಾಡಿಕೊಂಡಿದ್ದರು. 25ರಿಂದ 40 ವಯಸ್ಸಿನ, ಕೈತುಂಬ ಸಂಬಳ ಇರುವ ಹೆಂಗಸರು. ಅವರಿಗೆ ಕಾಣುವ ಹಾಗೆ ಫೋನಿನಲ್ಲಿ ಜಾಹೀರಾತು ಹಾಕಿಸಿದರು. ಜಾಹೀರಾತು ಓಡುವಷ್ಟು ದಿನ ಆರ್ಡರ್ ಬಂತು, ನಿಲ್ಲಿಸಿದ ಕೂಡಲೇ ನಿಂತಿತು.

ವಯಸ್ಸು, ಲಿಂಗ, ಆದಾಯ ಇವು ಸುಲಭವಾಗಿ ಸಿಗುವ ಮಾಹಿತಿ. ಜಾಹೀರಾತು ಕೊಡುವಾಗಲೂ ಇವನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಒಂದು ಗುಂಪು ನಿಜವಾಗಿ ಗುಂಪು ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ನೀವು ಏನಾದರೂ ಬದಲಿಸಿದಾಗ, ಅಂದರೆ ಬೆಲೆ, ಪೊಟ್ಟಣ, ಸೋಪಿನ ಗುಣ ಬದಲಿಸಿದಾಗ, ಆ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳಬೇಕು. ಆಚೆಯ ಗುಂಪಿನವರು ಬೇರೆ ರೀತಿ ನಡೆದುಕೊಳ್ಳಬೇಕು. 30 ವಯಸ್ಸಿನ ಮೂವರು ಹೆಂಗಸರು ಇವರ ಸೋಪು ಕೊಂಡಿದ್ದನ್ನು ನೋಡಿ. ಒಬ್ಬರು ಗೆಳತಿಗೆ ಕೊಡಲು ಕೊಂಡರು. ಇನ್ನೊಬ್ಬರು ಹೊಸ ಪರಿಮಳ ನೋಡುವ ಆಸೆಗೆ ಕೊಂಡರು. ಮತ್ತೊಬ್ಬರು ಪರಿಮಳದ ಸೋಪಿನಿಂದ ತಲೆನೋವು ಬರುತ್ತದೆ ಎಂದು ಕೊಂಡರು. ಪೆಟ್ಟಿಗೆ ಚೆಂದ ಮಾಡಿದರೆ ಮೊದಲನೆಯವರಿಗೆ ಖುಷಿ, ಮೂರನೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ಹೊಸ ಪರಿಮಳ ತಂದರೆ ಎರಡನೆಯವರು ಬರುತ್ತಾರೆ, ಮೂರನೆಯವರು ದೂರ ಹೋಗುತ್ತಾರೆ. ವಯಸ್ಸು ಒಂದೇ ಆದರೂ ಇವರನ್ನು ಒಂದು ಗುಂಪು ಅನ್ನಲು ಆಗುವುದಿಲ್ಲ.

ಜನರು ವಸ್ತುವಿನಿಂದ ಏನು ಪ್ರಯೋಜನ ಬಯಸುತ್ತಾರೆ ಎಂಬುದರ ಮೇಲೆ ವಿಂಗಡಿಸಬೇಕು ಎಂದು ಮಾರುಕಟ್ಟೆ ಸಂಶೋಧಕ ರಸೆಲ್ ಹೇಲಿ 1968ರಲ್ಲೇ ಬರೆದರು. ಅವರು ತೆಗೆದುಕೊಂಡ ಉದಾಹರಣೆ ಟೂತ್‌ಪೇಸ್ಟ್. ಸೋಪಿಗೂ ಅದು ಹಾಗೇ ಹೊಂದುತ್ತದೆ.

ತಮ್ಮ ಒಂದು ಸಮೀಕ್ಷೆಯನ್ನೂ ಮಾಡಿದ್ದರು. "ಇಂಥ ಸೋಪು ಬಂದರೆ ಕೊಳ್ಳುತ್ತೀರಾ?" ಎಂದು ಕೇಳಿದ್ದರು. ಹೆಚ್ಚಿನವರು ಹೌದು ಅಂದಿದ್ದರು, ಎಲ್ಲ ಬಗೆಗೂ! ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರೆ ಜನ ಮರ್ಯಾದೆಗಾದರೂ ಹೌದು ಅನ್ನುತ್ತಾರೆ. ಹಿಂದೆ ಏನು ಮಾಡಿದಿರಿ ಎಂದು ಕೇಳಿದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ದಾಖಲೆಯಲ್ಲಿ ಕಂಡ ನಾಲ್ಕು ಗುಂಪು

ನಾವು ಹೊಸದಾಗಿ ಏನನ್ನೂ ಸಂಗ್ರಹಿಸಲಿಲ್ಲ. ಹಿಂದಿನ ಒಂದು ವರ್ಷದ ಆರ್ಡರ್‌ಗಳನ್ನು ತೆಗೆದೆವು. ಪ್ರತಿ ಗ್ರಾಹಕರ ಮುಂದೆ ಮೂರು ವಿಷಯ ಬರೆದೆವು. ಒಂದೇ ಸಲಕ್ಕೆ ಏನೇನು ಕೊಂಡರು, ಯಾವ ತಿಂಗಳು ಕೊಂಡರು, ಮತ್ತೆ ಬಂದರೋ ಇಲ್ಲವೋ. ಆಮೇಲೆ ಒಂದಷ್ಟು ಜನರಿಗೆ ಅಕ್ಕನೇ ಫೋನ್ ಮಾಡಿದರು. ಇದಕ್ಕೆ ಮುಂಚೆ ಯಾವ ಸೋಪು ಬಳಸುತ್ತಿದ್ದಿರಿ, ಅದನ್ನು ಯಾಕೆ ಬಿಟ್ಟಿರಿ, ನಮ್ಮದು ಕೊಂಡ ದಿನ ಏನು ನಡೆದಿತ್ತು ಎಂದು ಕೇಳಿದರು. ಮೂರೂ ಆಗಿಹೋದ ಸಂಗತಿಗಳ ಬಗ್ಗೆಯೇ.

ನಾಲ್ಕು ಗುಂಪು ಕಂಡವು. ಉಡುಗೊರೆಗೆ ಕೊಳ್ಳುವವರು ವರ್ಷಕ್ಕೆ 5400 ಸೋಪು ಒಯ್ಯುತ್ತಿದ್ದರು. ಅದರಲ್ಲಿ 4000 ಆ ಎರಡು ತಿಂಗಳಲ್ಲೇ. ಪರಿಮಳ ನೋಡಲು ಕೊಳ್ಳುವವರು 3600. ಇವರು ಮೇಳಗಳಲ್ಲಿ ಸಿಗುತ್ತಿದ್ದರು, ನಾಲ್ಕೈದು ಬಗೆಯಲ್ಲಿ ಒಂದೊಂದು ಎತ್ತಿಕೊಳ್ಳುತ್ತಿದ್ದರು. ವಸತಿಗೃಹಗಳು 3600 ಸಣ್ಣ ಸೋಪು. ಬೆಲೆ ಕಡಿಮೆ, ಹಣ ತಡ. ಕೊನೆಯ ಗುಂಪು ಸುವಾಸನೆ ಇಲ್ಲದ ಬಿಳಿ ಸೋಪು ಕೊಳ್ಳುವವರು, 3000. ಆ ಸೋಪನ್ನು ಅಕ್ಕ ಸುಮ್ನೆ ಮನೆ ಬಳಕೆಗೆ ಅಂತ ಶುರು ಮಾಡಿದ್ದರು. ಅದಕ್ಕೆ ಒಂದು ಒಳ್ಳೆಯ ಫೋಟೊ ಕೂಡ ಇರಲಿಲ್ಲ.

ಮತ್ತೆ ಬಂದವರ ಕಾಲಂ ನೋಡಿದಾಗ ನಾವು ಮೂವರೂ ಅಲ್ಲೇ ನಿಂತೆವು. ಮೊದಲ ಸಲ ಕೊಂಡ ನೂರು ಜನರಲ್ಲಿ ನಾಲ್ಕು ತಿಂಗಳೊಳಗೆ ಎರಡನೇ ಸಲ ಕೊಂಡವರು ಉಡುಗೊರೆ ಗುಂಪಿನಲ್ಲಿ 6, ಪರಿಮಳದ ಗುಂಪಿನಲ್ಲಿ 9, ಬಿಳಿ ಸೋಪಿನಲ್ಲಿ 38.

ಇನ್ನೊಂದು ಗುರುತೂ ಸಿಕ್ಕಿತು. ಹೀಗೆ ಮರಳಿ ಬಂದವರಲ್ಲಿ ಬಹಳ ಜನ ಕೊಳ್ಳುವ ಮೊದಲು ಒಂದು ಮೆಸೇಜ್ ಕಳಿಸಿದ್ದರು. "ಇದಕ್ಕೆ ಏನೇನು ಹಾಕ್ತೀರಿ? ವಾಸನೆಗೆ ಅಂತ ಏನೂ ಇಲ್ಲ ತಾನೆ?" ತಮ್ಮನಿಗೆ ಇಂಥ ಮೆಸೇಜ್ ಬಂದರೆ ಬೇಸರ, ಒಂದು ಸೋಪಿಗೆ ಇಷ್ಟೊಂದು ಪ್ರಶ್ನೆಯಾ ಅಂತ. ಆದರೆ ಹೀಗೆ ವಿಚಾರಿಸಿ ಕೊಂಡವರೇ ಮೂರು ಮೂರು ಸೋಪಿನಂತೆ ಎರಡು ತಿಂಗಳಿಗೊಮ್ಮೆ ಕೊಳ್ಳುತ್ತಿದ್ದರು.

ಯಾರನ್ನು ಆರಿಸುವುದು

ವಿಂಗಡಣೆ ಇಲ್ಲಿಗೆ ಮುಗಿಯಿತು. ಗುರಿ ಆರಿಸುವುದು ಇನ್ನೊಂದು ಕೆಲಸ. ಈ ಎರಡನ್ನೂ ಒಂದೇ ಅಂದುಕೊಂಡು ಕಂಡ ಗುಂಪುಗಳಿಗೆಲ್ಲ ಒಂದೊಂದು ಸೋಪು ಮಾಡಲು ಹೊರಟವರು ಬಹಳ.

ಅಕ್ಕನ ಒಲವು ಬಿಳಿ ಸೋಪಿನ ಕಡೆ ಇತ್ತು. ತಮ್ಮನ ವಾದ ನೇರವಾಗಿತ್ತು. ಉಡುಗೊರೆಯೇ ಎಲ್ಲಕ್ಕಿಂತ ದೊಡ್ಡದು, ಒಂದು ಸೋಪಿಗೆ ಕೈಗೆ ಸಿಗುವುದೂ ಜಾಸ್ತಿ. "ಅಕ್ಕಾ, ಜಾಸ್ತಿ ಹೋಗೋದನ್ನೇ ಬಿಡೋಣ ಅಂತೀಯಲ್ಲ" ಅಂದರು.

ಕಾಗದದ ಮೇಲೆ ಅವರು ಹೇಳಿದ್ದು ಸರಿ. ಉಡುಗೊರೆ ಸೋಪಿನಲ್ಲಿ ಎಣ್ಣೆ, ಪರಿಮಳ, ಪೆಟ್ಟಿಗೆಯ ಖರ್ಚು ಕಳೆದು 50 ಉಳಿಯುತ್ತಿತ್ತು, ಬಿಳಿ ಸೋಪಿನಲ್ಲಿ 40. ಆದರೆ ಕಾಲ ಮುಗಿದ ಮೇಲೆ ಉಳಿದ ಉಡುಗೊರೆ ಸೋಪು ಏನಾಗುತ್ತದೆ? 100 ಮಾಡಿದರೆ 25 ಉಳಿಯುತ್ತಿತ್ತು. ಅವನ್ನು ಅಸಲಿಗಿಂತ 6 ಕಡಿಮೆಗೆ ಕೊಟ್ಟು ಖಾಲಿ ಮಾಡುತ್ತಿದ್ದರು. ಇದನ್ನು ಸೇರಿಸಿದರೆ 75 ಸೋಪಿನಿಂದ 3750 ಬಂದು, 25 ಸೋಪಿನಿಂದ 150 ಹೋಗಿ, ಒಂದಕ್ಕೆ 36 ಆಗುತ್ತದೆ.

ಇಷ್ಟರಲ್ಲೇ ಎರಡೂ ಹತ್ತಿರ ಬಂದವು. ಇನ್ನು ಹಲಗೆಯ ಲೆಕ್ಕ. ತಿಂಗಳಿಗೆ 2000 ಮಾತ್ರ ಮಾಡಲು ಆಗುವ ಕೋಣೆಯಿಂದ ಎರಡು ತಿಂಗಳು 3000 ಕೊಡಬೇಕಾದರೆ ಬಹಳ ಮೊದಲೇ ಮಾಡಿ ಇಡಬೇಕು. ಉಡುಗೊರೆ ಸೋಪು ಸರಾಸರಿ 3 ತಿಂಗಳು ಹಲಗೆ ಹಿಡಿದುಕೊಂಡಿರುತ್ತಿತ್ತು. ಬಿಳಿ ಸೋಪು ಒಣಗಿ, ಹೋಗಿ ಮುಗಿಯಲು 2 ತಿಂಗಳು. ಹಾಗಾಗಿ ಒಂದು ಸೋಪಿನ ಜಾಗಕ್ಕೆ ತಿಂಗಳಿಗೆ ಉಡುಗೊರೆಯಿಂದ 12 ಬಂದರೆ ಬಿಳಿ ಸೋಪಿನಿಂದ 20. ಉಳಿದ ಎರಡು ಗುಂಪಿನದೂ 8ರ ಹತ್ತಿರ ನಿಂತಿತು. ಪರಿಮಳದ ಗುಂಪಿಗೆ ಮೇಳದ ಮಳಿಗೆ ಬಾಡಿಗೆ ಹೊಡೆತ, ವಸತಿಗೃಹಕ್ಕೆ ಕಡಿಮೆ ಬೆಲೆ.

ಗುಂಪಿನ ಲಾಭವನ್ನು ಯಾವುದಕ್ಕೆ ಭಾಗಿಸಿ ನೋಡಬೇಕು ಅನ್ನುವುದೇ ಇಲ್ಲಿ ಮುಖ್ಯ. ನಿಮ್ಮಲ್ಲಿ ಯಾವುದು ಕಡಿಮೆ ಇದೆಯೋ ಅದಕ್ಕೆ ಭಾಗಿಸಬೇಕು. ಇವರಿಗೆ ಅದು ಹಲಗೆ. ಇನ್ನೊಬ್ಬರಿಗೆ ಕೆಲಸದ ಗಂಟೆ ಇರಬಹುದು, ಸಾಲದ ಮಿತಿ ಇರಬಹುದು. ಅದು ಬದಲಾದರೆ ಆರಿಸಬೇಕಾದ ಗುಂಪೂ ಬದಲಾಗಬಹುದು. ದೊಡ್ಡ ಯಂತ್ರದಲ್ಲಿ ಸೋಪು ಒತ್ತಿ ತೆಗೆಯುವ ಕಾರ್ಖಾನೆಗೆ ಇಷ್ಟು ವಾರ ಒಣಗಿಸುವ ರಗಳೆ ಇಲ್ಲ. ಅಂಥವರಿಗೆ ಉಡುಗೊರೆ ಗುಂಪೇ ಸರಿ ಇರಬಹುದು.

"ಆದರೂ ಬಿಳಿ ಸೋಪಿನ ಗುಂಪು ತೀರಾ ಸಣ್ಣದು" ಎಂದು ತಮ್ಮ ಹೇಳಿದರು. ಸಣ್ಣದು ಅಂದರೆ ಯಾರಿಗೆ ಸಣ್ಣದು? ಬಿಳಿ ಸೋಪು ಕೊಳ್ಳುವ ಒಂದು ಮನೆಗೆ ವರ್ಷಕ್ಕೆ 18 ಸೋಪು ಬೇಕು. ಇವರ ಇಡೀ ಕೋಣೆ ವರ್ಷಕ್ಕೆ ಕೊಡಬಲ್ಲದ್ದು 24,000. ಅಂದರೆ ಸುಮಾರು 1300 ಮನೆ ಸಿಕ್ಕರೆ ಹಲಗೆಗಳು ಸಾಲುವುದಿಲ್ಲ! ಹಳೆಯ ಒಟ್ಟು ಗಳಿಕೆಯನ್ನು ಮುಟ್ಟಲು 480 ಮನೆ ಸಾಕು. ಆಗ ಅವರ ಬಳಿ ಇದ್ದದ್ದು 165 ಮನೆಗೆ ಸಮನಾದ ಮಾರಾಟ. 480 ಅನ್ನುವ ಅಂಕಿಯನ್ನು ಅಕ್ಕ ಗೋಡೆಗೆ ಅಂಟಿಸಿದರು. ಎಲ್ಲರಿಗೂ ಮಾರುತ್ತೇವೆ ಅನ್ನುವಾಗ ಇಂಥ ಅಂಕಿ ಸಿಗುವುದೇ ಇಲ್ಲ. ಗುಂಪು ಗೊತ್ತಾದ ಮೇಲೆ ಮಾತ್ರ ಎಷ್ಟು ಜನ ಬೇಕು ಎಂದು ಎಣಿಸಬಹುದು.

ಗುಂಪಿಗೆ ಹೆಸರಿಡುವಾಗ ಬಂದ ತಿರುವು

ಮೊದಲು ಈ ಗುಂಪನ್ನು ಎಲ್ಲರೂ "ಸೂಕ್ಷ್ಮ ಚರ್ಮದವರು" ಎಂದು ಕರೆಯುತ್ತಿದ್ದೆವು. ತಮ್ಮ ಅದಕ್ಕೆ ತಕ್ಕ ಹಾಗೆ ಒಂದು ಬರಹವನ್ನೂ ಸಿದ್ಧ ಮಾಡಿದ್ದರು. ತುರಿಕೆ, ಒಣ ಚರ್ಮ, ಎಕ್ಸಿಮಾ ಇರುವವರಿಗೆ ಎಂದು.

ಅದನ್ನು ತಡೆದವರು ಅಕ್ಕ. ಕಾಸ್ಟಿಕ್ ಸೋಡಾದಿಂದ ಮಾಡಿದ ಯಾವ ನಿಜವಾದ ಸೋಪಾದರೂ ಕ್ಷಾರೀಯವೇ, ಅದರ ಪಿಎಚ್ 9ರಿಂದ 10ರ ಆಸುಪಾಸು ಇರುತ್ತದೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, 5ರ ಹತ್ತಿರ. ಸೋಪಿಗೆ ಹುಳಿ ಸೇರಿಸಿ ಪಿಎಚ್ ಇಳಿಸೋಣ ಅಂದರೆ ಅದು ಸೋಪಾಗಿ ಉಳಿಯುವುದಿಲ್ಲ, ಒಡೆದು ಕೊಬ್ಬಿನ ಆಮ್ಲವಾಗುತ್ತದೆ. ಎಕ್ಸಿಮಾ ಇರುವವರಿಗೆ ಚರ್ಮದ ವೈದ್ಯರು ಸಾಮಾನ್ಯವಾಗಿ ಹೇಳುವುದು ಸೋಪಲ್ಲದ, ಪಿಎಚ್ ಕಡಿಮೆ ಇರುವ ಬಾರ್ ಅಥವಾ ದ್ರವ. "ನಮ್ಮ ಸೋಪು ಅವರಿಗೆ ಒಳ್ಳೇದು ಅಂತ ನಾನು ಹೇಗೆ ಬರೀಲಿ? ಅದು ಔಷಧಿ ಅಲ್ಲ" ಅಂದರು ಅಕ್ಕ. ಅವರು ಹೇಳಿದ್ದು ಪೂರ್ತಿ ಸರಿ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ನಿರ್ಧಾರ ಇದೇ.

ಹಾಗಾದರೆ ಗುಂಪೇ ಇಲ್ಲವಾ? ಫೋನ್ ಮಾಡಿದಾಗ ಬರೆದಿಟ್ಟ ಟಿಪ್ಪಣಿಗಳನ್ನು ಮತ್ತೆ ಓದಿದೆವು. ಮರಳಿ ಬಂದವರಲ್ಲಿ ಚರ್ಮದ ಕಾಯಿಲೆ ಇದ್ದವರು ಕೆಲವರೇ. ಒಬ್ಬರಿಗೆ ಜೋರು ವಾಸನೆಗೆ ತಲೆ ಸಿಡಿಯುತ್ತದೆ. ಇನ್ನೊಬ್ಬರ ಮನೆಯಲ್ಲಿ ಮಗು, ಅಜ್ಜಿ ಎಲ್ಲರಿಗೂ ಒಂದೇ ಸೋಪು ಬೇಕು. ಮತ್ತೊಬ್ಬರಿಗೆ ತಾವು ಹಚ್ಚುವ ಸೆಂಟಿನ ಜೊತೆ ಸೋಪಿನ ವಾಸನೆ ಬೆರೆಯಬಾರದು. ಕಾರಣ ನೂರೆಂಟು, ಆದರೆ ಕೊಳ್ಳುವಾಗ ನೋಡುವುದು ಒಂದನ್ನೇ. ಇದರಲ್ಲಿ ಪರಿಮಳ ಹಾಕಿಲ್ಲ ತಾನೆ?

ಹೀಗಾಗಿ ಗುಂಪಿನ ಹೆಸರು "ಪರಿಮಳ ಬೇಡ ಅನ್ನುವವರು" ಎಂದಾಯಿತು. ಜನರು ಯಾರು ಅನ್ನುವುದರಿಂದ ಹೆಸರಿಟ್ಟಾಗ ಗುಂಪು ತಪ್ಪು ಜಾಗದಲ್ಲಿ ಕತ್ತರಿಸಿಹೋಗಿತ್ತು. ಸೋಪು ಒಗ್ಗದವರು ಒಳಗೆ, ಸೋಪು ಬೇಕಾದವರು ಹೊರಗೆ. ಅವರು ಆರಿಸುವಾಗ ಏನು ನೋಡುತ್ತಾರೆ ಅನ್ನುವುದರಿಂದ ಹೆಸರಿಟ್ಟಾಗ ಗೆರೆ ಸರಿಯಾದ ಕಡೆ ಬಿತ್ತು. ಗುಂಪೂ ದೊಡ್ಡದಾಯಿತು.

ಸೋಪು ಬದಲಾಗಬೇಕಾಯಿತು

ಈಗ ಅಕ್ಕನ ಕೆಲಸ ಶುರುವಾಯಿತು. ನಾಲ್ಕು ಬಗೆ ಉಳಿಸಿಕೊಳ್ಳುವುದು ಎಂದಾಯಿತು, ಎಲ್ಲವೂ ಪರಿಮಳ ಇಲ್ಲದವು. ವ್ಯತ್ಯಾಸ ಎಣ್ಣೆಗಳ ಮಿಶ್ರಣದಲ್ಲಿ ಮಾತ್ರ. ಕೊಬ್ಬರಿ ಎಣ್ಣೆ ಜಾಸ್ತಿ ಇದ್ದರೆ ನೊರೆ ಚೆನ್ನಾಗಿ ಬರುತ್ತದೆ, ಆದರೆ ಚರ್ಮ ಬಿಗಿದ ಹಾಗಾಗುತ್ತದೆ. ಆಲಿವ್ ಎಣ್ಣೆ ಜಾಸ್ತಿ ಇದ್ದರೆ ಮೃದು, ಆದರೆ ನೊರೆ ಕಡಿಮೆ.

ತಮ್ಮ ಒಂದು ಸಲಹೆ ಕೊಟ್ಟರು. ಸಿಂಥೆಟಿಕ್ ಸೆಂಟ್ ಬಿಡೋಣ, ಲ್ಯಾವೆಂಡರ್ ಎಣ್ಣೆ ಇರಲಿ, ಅದು ಗಿಡದ್ದೇ ಅಲ್ವಾ ಎಂದು. ಆಗಲಿಲ್ಲ. ಗಿಡದಿಂದ ಬಂದರೂ ಅದು ಪರಿಮಳವೇ. ಲ್ಯಾವೆಂಡರ್ ಎಣ್ಣೆಯ ಲಿನಲೂಲ್, ಕಿತ್ತಳೆ ಸಿಪ್ಪೆ ಎಣ್ಣೆಯ ಲಿಮೊನೀನ್ ಗಾಳಿಗೆ ಆಕ್ಸಿಡೀಕರಣಗೊಂಡಾಗ ಕೆಲವರಿಗೆ ಅಲರ್ಜಿ ತರುತ್ತವೆ. ಈ ಗುಂಪಿನವರು ಅದನ್ನೆಲ್ಲ ಓದಿಕೊಂಡೇ ಬಂದಿರುತ್ತಾರೆ. ಸಂಸ್ಕರಿಸದ ಎಣ್ಣೆಗೆ ತನ್ನದೇ ವಾಸನೆ ಇರುತ್ತದೆ ಎಂದು ಸಂಸ್ಕರಿಸಿದ ಎಣ್ಣೆಗೆ ಹೋದರು. ವಾಸನೆ ಮುಚ್ಚಲು ಇನ್ನೊಂದು ಪರಿಮಳ ಹಾಕಿ "ವಾಸನೆ ಇಲ್ಲ" ಎಂದು ಬರೆಯುವ ಪದ್ಧತಿ ಈ ಉದ್ಯಮದಲ್ಲಿ ಇದೆ. ಅದನ್ನು ಮಾಡಬಾರದು ಎಂದು ತೀರ್ಮಾನಿಸಿದರು.

ಅಷ್ಟರಲ್ಲೇ ಒಂದು ದೂರು ಬಂತು. ಒಬ್ಬರು ಸೋಪು ವಾಪಸ್ ಕಳಿಸಿದ್ದರು, ಜೊತೆಗೆ ಒಂದು ಚೀಟಿ: "ಇದರಲ್ಲಿ ಏನೋ ಹೂವಿನ ವಾಸನೆ ಇದೆ." ಅಕ್ಕ ಸೋಪನ್ನು ಮೂಗಿಗೆ ಹಿಡಿದರು. ಹೊರಗಡೆ ಏನೂ ಗೊತ್ತಾಗಲಿಲ್ಲ. ಬಿಸಿನೀರಲ್ಲಿ ಉಜ್ಜಿದಾಗ ತೆಳ್ಳಗೆ ಜೆರೇನಿಯಂ ವಾಸನೆ. ಆ ಬ್ಯಾಚ್ ಒಣಗಿದ್ದು ಜೆರೇನಿಯಂ ಸೋಪಿನ ಪಕ್ಕದ ಹಲಗೆಯಲ್ಲಿ. ಒಂದೇ ಕೋಣೆಯಲ್ಲಿ ಆರು ವಾರ ಇದ್ದಾಗ ಪಕ್ಕದ ವಾಸನೆ ಇದಕ್ಕೂ ಹತ್ತಿತ್ತು.

ಆ ತನಕ ತಮ್ಮನ ಮನಸ್ಸಲ್ಲಿ ಒಂದು ಸಮಾಧಾನ ಇತ್ತು, ಹೊಸ ಗುಂಪಿಗೆ ಒತ್ತು ಕೊಡೋಣ, ಹಳೆಯ ಸೋಪುಗಳೂ ಒಂದು ಕಡೆ ಇರಲಿ ಎಂದು. ಆ ವಾಪಸ್ ಬಂದ ಸೋಪು ಅದಕ್ಕೆ ದಾರಿ ಬಿಡಲಿಲ್ಲ. ಇನ್ನೊಂದು ಕೋಣೆಗೆ ಹಣ ಇರಲಿಲ್ಲ. ಪರಿಮಳದವರನ್ನೂ ಪರಿಮಳ ಬೇಡದವರನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳಲು ಸಾಧ್ಯವೇ ಇರಲಿಲ್ಲ. ಒಬ್ಬರಿಗೆ ಹೌದು ಅಂದರೆ ಇನ್ನೊಬ್ಬರಿಗೆ ಇಲ್ಲ ಅನ್ನಲೇಬೇಕಿತ್ತು.

ಪರಿಮಳದ ಸೋಪುಗಳ ಕೊನೆಯ ಬ್ಯಾಚ್ ಇದು ಎಂದು ಹಳೆಯ ಗ್ರಾಹಕರಿಗೆ ತಿಳಿಸಿದರು. ಕೆಲವರು ಬೇಜಾರು ಮಾಡಿಕೊಂಡರು. ಇದ್ದದ್ದೆಲ್ಲ ಖಾಲಿಯಾದ ಮೇಲೆ ಕೋಣೆ ಗಾಳಿಯಾಡಲು ಬಿಟ್ಟು, ಹಲಗೆ ಮೇಲಿನ ಹಳೆಯ ಕಾಗದ ತೆಗೆದು, ಮರದ ಅಚ್ಚುಗಳನ್ನು ಬದಲಿಸಿದರು. ಉಡುಗೊರೆಯನ್ನು ಪೂರ್ತಿ ಬಿಡಲಿಲ್ಲ. 8 ವಾರ ಮೊದಲು ಆರ್ಡರ್ ಕೊಟ್ಟು ಅರ್ಧ ಹಣ ಕಟ್ಟಿದರೆ ಅದೇ ಬಿಳಿ ಸೋಪನ್ನು ಪೆಟ್ಟಿಗೆಯಲ್ಲಿ ಕೊಡುವುದು ಎಂದಾಯಿತು. ವಸತಿಗೃಹಗಳಲ್ಲಿ ಪರಿಮಳ ಇಲ್ಲದ್ದೇ ಆಗಲಿ ಅಂದವರನ್ನು ಮಾತ್ರ ಉಳಿಸಿಕೊಂಡರು.

ಅವರನ್ನು ಮುಟ್ಟಿದ ಬಗೆ

ವಯಸ್ಸಿನ ಮೇಲೆ ಜಾಹೀರಾತು ಹಾಕುವುದು ನಿಂತಿತು. ಪರಿಮಳ ಇಲ್ಲದ ಸೋಪು ಎಂದು ಫೋನಿನಲ್ಲಿ ತಾವಾಗಿ ಹುಡುಕುವವರಿಗೆ ಮಾತ್ರ ಕಾಣುವ ಹಾಗೆ ಹಾಕಿದರು. ಮಾರಾಟದ ಪುಟದಲ್ಲಿ ಹೂವಿನ ಫೋಟೊ ಹೋಗಿ, ಹಾಕಿದ ಪ್ರತಿಯೊಂದು ಪದಾರ್ಥದ ಹೆಸರು ಬಂತು. ಅದರ ಕೆಳಗೆ ಅಕ್ಕನ ಒತ್ತಾಯದ ಎರಡು ಸಾಲು: ಇದು ಸೋಪು, ಕ್ಷಾರೀಯ. ಚರ್ಮದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರೆ ನಿಮ್ಮ ವೈದ್ಯರನ್ನು ಕೇಳಿ.

ಆ ಸಾಲಿನಿಂದ ಮಾರಾಟ ಬೀಳುತ್ತದೆ ಎಂದು ತಮ್ಮ ಹೆದರಿದ್ದರು. ಒಂದಷ್ಟು ವಾರ ಸಾಲು ಇರುವ ಪುಟ, ಇಲ್ಲದ ಪುಟ ಎರಡನ್ನೂ ಬಂದವರಿಗೆ ಸರದಿಯಂತೆ ತೋರಿಸಿ ನೋಡಿದರು. ಮೊದಲ ಖರೀದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಸೋಪು ವಾಪಸ್ ಬರುವುದು ಸಾಲು ಇದ್ದ ಪುಟದಲ್ಲಿ ಕಡಿಮೆಯಾಯಿತು.

ಏನಾಯಿತು

ಮೊದಲ ವರ್ಷ ಕಷ್ಟದ್ದು. ಮಾರಾಟ 15,600ರಿಂದ 9800ಕ್ಕೆ ಇಳಿಯಿತು. ಉಡುಗೊರೆ ಕಾಲದಲ್ಲಿ ಮುಂಗಡ ಕೊಟ್ಟು ಹೋದದ್ದು 1400 ಮಾತ್ರ. ಖರ್ಚು ಕಳೆದು ಉಳಿದದ್ದು ಹಿಂದಿನದಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಪರಿಮಳದ ಎಣ್ಣೆ ಕೊಳ್ಳುವುದು ನಿಂತಿದ್ದಕ್ಕೆ, ಹಳೆಯ ದಾಸ್ತಾನು ನಗದಾಗಿದ್ದಕ್ಕೆ ಕೈ ಖಾಲಿಯಾಗಲಿಲ್ಲ. ಈ ತರಹದ ಬದಲಾವಣೆಗೆ ಕೈಹಾಕುವವರು ಒಂದು ವರ್ಷದ ಇಳಿತವನ್ನು ಯಾವುದರಿಂದ ತುಂಬಿಸುತ್ತೇವೆ ಎಂದು ಮೊದಲೇ ಲೆಕ್ಕ ಹಾಕಿಡಬೇಕು.

ಉಡುಗೊರೆ ಕಾಲ ಬಂದಾಗ ತಮ್ಮನ ಮನಸ್ಸು ಬದಲಾಯಿತು. "ಒಂದೆರಡು ಪರಿಮಳ ಮತ್ತೆ ಶುರು ಮಾಡೋಣ, ಈ ಎರಡು ತಿಂಗಳಿಗೆ ಅಷ್ಟೇ" ಅಂದರು. ಆಗ ನಾವು ಒಟ್ಟು ಮಾರಾಟದ ಅಂಕಿ ಪಕ್ಕಕ್ಕಿಟ್ಟು, ಹೊಸದಾಗಿ ಬಂದವರಲ್ಲಿ ಎರಡನೇ ಸಲ ಬಂದವರೆಷ್ಟು ಎಂದು ನೋಡಿದೆವು. ನೂರಕ್ಕೆ 37. ಹಳೆಯ 38 ಇದ್ದದ್ದು ತಾವಾಗಿ ಹುಡುಕಿಕೊಂಡು ಬಂದ ಅಭಿಮಾನಿಗಳಿಂದ ಇರಬಹುದು, ಜಾಹೀರಾತು ನೋಡಿ ಬಂದವರಲ್ಲಿ ಅದು ಬಿದ್ದೇ ಬೀಳುತ್ತದೆ ಅನ್ನುವ ಅನುಮಾನ ನನಗೇ ಇತ್ತು. ಬೀಳಲಿಲ್ಲ. ಅಂದರೆ ಗುಂಪು ನಿಜ, ಅಲ್ಲಿಗೆ ನಾವು ಇನ್ನೂ ಪೂರ್ತಿ ತಲುಪಿಲ್ಲ ಅಷ್ಟೇ. ಆ ಅಂಕಿ 15ಕ್ಕೆ ಇಳಿದಿದ್ದರೆ ತಮ್ಮನ ಮಾತನ್ನೇ ಕೇಳಿ ಎಂದು ನಾನೇ ಹೇಳುತ್ತಿದ್ದೆ.

ವರ್ಷ ಮುಗಿಯುವಾಗ 365ರ ಆಸುಪಾಸು ಮನೆಗಳಿದ್ದವು. ಎರಡನೇ ವರ್ಷದ ನಡುವೆ ಗೋಡೆಯ ಮೇಲಿನ 480 ದಾಟಿತು, ಕೊನೆಗೆ 610ರ ಹತ್ತಿರ ಬಂತು. ಆ ವರ್ಷ ಹೋದ ಸೋಪು 14,200, ಹಳೆಯದಕ್ಕಿಂತ ಕಡಿಮೆಯೇ. ಕೈಗೆ ಉಳಿದದ್ದು ಮಾತ್ರ ಹಳೆಯದಕ್ಕಿಂತ ಐದನೇ ಒಂದು ಭಾಗ ಜಾಸ್ತಿ. ತಿಂಗಳಿಂದ ತಿಂಗಳಿಗೆ ಏರಿಳಿತ ಕಡಿಮೆಯಾಗಿ, ಎಷ್ಟು ಸೋಪು ಹೊಯ್ಯಬೇಕು ಎಂದು ಆರು ವಾರ ಮೊದಲೇ ಹೇಳಲು ಆಗುತ್ತಿತ್ತು. ಒಣಗಿಸುವ ಕಾಲ ಮೊದಲಿನಷ್ಟೇ ಉದ್ದ ಇದ್ದರೂ ಈಗ ಅದು ಅಡ್ಡಿಯಾಗುತ್ತಿಲ್ಲ.

ಕಳೆದುಕೊಂಡದ್ದೂ ಇದೆ. ಮೇಳಗಳಲ್ಲಿ ಪರಿಮಳಕ್ಕೆ ತಿರುಗಿ ನೋಡಿ ಬರುತ್ತಿದ್ದವರು ಈಗ ಇಲ್ಲ, ಹಾಗಾಗಿ ಬಾಯಿಂದ ಬಾಯಿಗೆ ಹೆಸರು ಹರಡುವುದು ನಿಧಾನ. ಪರಿಮಳ ಬೆರೆಸುವುದರಲ್ಲಿ ಅಕ್ಕನಿಗಿದ್ದ ಕೈಚಳಕಕ್ಕೆ ಈಗ ಕೆಲಸ ಇಲ್ಲ, ಅದು ಅವರಿಗೆ ನೋವಿನ ವಿಷಯ.

ಈಗ ಅವರ ಮುಂದಿರುವ ಪ್ರಶ್ನೆ ಇದು. ಹಲಗೆಯಲ್ಲಿ ಇನ್ನೂ ಜಾಗ ಇದೆ. ಇದೇ ಮನೆಗಳಿಗೆ ಪರಿಮಳ ಇಲ್ಲದ ಬಟ್ಟೆ ಸೋಪು ಮಾಡುವುದೋ, ಇದೇ ಸೋಪಿಗೆ ಹೊಸ ಮನೆ ಹುಡುಕುವುದೋ? ಬಟ್ಟೆ ಸೋಪು ಬೇಕು ಎಂದು ಬಹಳ ಜನ ಹೇಳಿದ್ದಾರೆ. ಆದರೆ ಅಕ್ಕ ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈಗ ಬಟ್ಟೆಗೆ ಏನು ಬಳಸುತ್ತಿದ್ದೀರಿ, ಕಳೆದ ವರ್ಷ ಅದನ್ನು ಯಾವಾಗಲಾದರೂ ಬದಲಿಸಿದಿರಾ, ಯಾಕೆ ಎಂದು ಮತ್ತೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾರೆ. ಪ್ರತಿ ಮನೆಯ ಎರಡು ಖರೀದಿಗಳ ನಡುವಿನ ಅಂತರವನ್ನು ತಮ್ಮ ಪ್ರತಿ ವಾರ ನೋಡುತ್ತಾರೆ. ಸಾಮಾನ್ಯವಾಗಿ ಅದು 8ರಿಂದ 9 ವಾರ. ಯಾವ ಮನೆಯದಾದರೂ 12 ದಾಟಿದರೆ ದೊಡ್ಡ ಕಂಪನಿಯ ಅಂಥದ್ದೇ ಸೋಪಿಗೆ ಹೋಗಿದ್ದಾರಾ, ಬೇರೆ ಕಾರಣವಾ ಎಂದು ವಿಚಾರಿಸುತ್ತಾರೆ.